ಹಣ ಕೊಡುವ ಮುಂಚೆ ಏಳು ಪ್ರಶ್ನೆ

ಈ ಬರಹ ಒಂದು ಮೆಸೇಜಿನ ಬಗ್ಗೆ. ಹಳೆಯ ಪ್ಲೇಸ್ಟೇಷನ್ 4 ಒಂದನ್ನು ಕೊಳ್ಳುವ ಮೊದಲು ಮಾರುವವರಿಗೆ ನಾನು ಕಳಿಸಿದ ಮೆಸೇಜು ಅದು. ಇಬ್ಬರಿಗೆ ಅದೇ ಮೆಸೇಜು ಹೋಯಿತು, ಎರಡು ಬೇರೆ ಬೇರೆ ಉತ್ತರಗಳು ಬಂದವು. ಎರಡೂ ಕನ್ಸೋಲ್‌ಗಳು ಜಾಹೀರಾತಿನ ಫೋಟೋದಲ್ಲಿ ಒಂದೇ ಥರ ಕಾಣುತ್ತಿದ್ದವು, ಕೇಳಿದ ಬೆಲೆಯಲ್ಲೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಒಳಗಿನ ವ್ಯತ್ಯಾಸ ಬಯಲಾದದ್ದು ಪ್ರಶ್ನೆಗಳಿಂದ.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಬ್ಯಾಂಕಿನ ವರ್ಗಾವಣೆಯ ಮೇಲೆ ಕೊಲ್ಕತ್ತಕ್ಕೆ ಬಂದ ಕನ್ನಡಿಗರಲ್ಲಿ ನಾನೂ ಒಬ್ಬ. ಕಚೇರಿ ಇರುವುದು ಬಿಬಿಡಿ ಬಾಗ್‌ನಲ್ಲಿ, ಹಳಬರು ಇಂದಿಗೂ ಡಾಲ್‌ಹೌಸಿ ಎನ್ನುವ ಜಾಗ. ಮಧ್ಯದಲ್ಲಿ ಲಾಲ್ ದಿಘಿ ಕೆರೆ, ಒಂದು ದಿಕ್ಕಿಗೆ ರೈಟರ್ಸ್ ಬಿಲ್ಡಿಂಗ್, ಇನ್ನೊಂದು ದಿಕ್ಕಿಗೆ ಬಿಳಿ ಗುಮ್ಮಟದ ದೊಡ್ಡ ಅಂಚೆ ಕಚೇರಿ. ಮಗನಿಗೆ ಕನ್ಸೋಲ್ ಬೇಕಿತ್ತು. ಹೊಸ ಪಿಎಸ್5ರ ಬೆಲೆ ನಮ್ಮ ಮನೆಯ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ತೀರ್ಥಹಳ್ಳಿಯಲ್ಲಿರುವ ನನ್ನ ಅಮ್ಮ ಅಡಿಕೆ ಮಾರಿ ಬಂದ ದುಡ್ಡಿನಲ್ಲಿ ಮೊಮ್ಮಗನಿಗೆಂದು ಹದಿನಾಲ್ಕು ಸಾವಿರ ಕಳಿಸಿದರು. ಜೊತೆಗೆ ಫೋನಿನಲ್ಲಿ ಒಂದು ಮಾತನ್ನೂ ಸೇರಿಸಿದರು: "ಹಳೇ ಸಾಮಾನು ತಗೊಳ್ಳೋದಾದ್ರೆ ಮೂಟೆ ಬಿಚ್ಚಿ ನೋಡಿ ತಗೊ."

ಅಡಿಕೆ ಮಂಡಿ ಕಂಡವರಿಗೆ ಇದರ ಅರ್ಥ ಗೊತ್ತು. ಮೂಟೆಯ ಮೇಲೆ "ರಾಶಿ" ಎಂದು ಬರೆದಿದ್ದರೆ ಯಾರೂ ನಂಬಿ ದರ ಕೂಗುವುದಿಲ್ಲ. ಮೂಟೆಯೊಳಗೆ ಕೈ ಹಾಕಿ ಒಂದು ಬೊಗಸೆ ತೆಗೆಯುತ್ತಾರೆ, ನಾಲ್ಕು ಅಡಿಕೆ ಕತ್ತರಿಸಿ ಒಳಗನ್ನು ನೋಡುತ್ತಾರೆ. ಕನ್ಸೋಲನ್ನು ದೂರದಿಂದಲೇ ಹಾಗೆ ಕತ್ತರಿಸಿ ನೋಡುವುದು ಹೇಗೆ ಎಂಬುದೇ ಈ ಏಳು ಪ್ರಶ್ನೆಗಳ ಉದ್ದೇಶ.

ಮೆಸೇಜು

ಇಲ್ಲಿನವರ ಜೊತೆ ನನ್ನ ವ್ಯವಹಾರವೆಲ್ಲ ಹರುಕುಮುರುಕು ಬಂಗಾಳಿ ಬೆರೆತ ಹಿಂದಿಯಲ್ಲಿ. ಅದನ್ನು ಕನ್ನಡಕ್ಕೆ ತಂದರೆ ಹೀಗಿದೆ:

"ನಮಸ್ಕಾರ ದಾದಾ. ನಿಮ್ಮ ಪಿಎಸ್4 ನೋಡಿದೆ, ತಗೊಳ್ಳುವ ಮನಸ್ಸಿದೆ. ದರದ ಮಾತಿಗೆ ಮುಂಚೆ ಕೆಲವು ವಿಷಯ ತಿಳಿಸಿ.

1. ಹಿಂಬದಿಯ ಸ್ಟಿಕ್ಕರ್ ಮತ್ತು ಪೆಟ್ಟಿಗೆಯ ಸ್ಟಿಕ್ಕರ್ ಎರಡರ ಫೋಟೋ ಕಳಿಸಿ. ಮಾಡೆಲ್ ನಂಬರ್ ಪೂರ್ತಿ ಕಾಣಲಿ. ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿ ಮುಚ್ಚಿದರೂ ಪರವಾಗಿಲ್ಲ, ಭೇಟಿಯಾದಾಗ ನೋಡುತ್ತೇನೆ. ಬಿಲ್ ಇದೆಯಾ?

2. Settings > System > System Information ತೆರೆದು ಆ ಪರದೆಯ ಫೋಟೋ ಕಳಿಸಿ. ಪಕ್ಕದಲ್ಲಿ ಇವತ್ತಿನ ತಾರೀಖು ಬರೆದ ಒಂದು ಚೀಟಿ ಇಡಿ.

3. ಕನ್ಸೋಲನ್ನು ಪೂರ್ತಿ ಆಫ್ ಮಾಡಿ, ವೈರ್ ಕಿತ್ತು ಮತ್ತೆ ಹಾಕಿ, ಆನ್ ಮಾಡಿ, ಯಾವುದಾದರೂ ಒಂದು ಗೇಮ್ ಶುರುವಾಗುವವರೆಗೆ ನಡುವೆ ಕತ್ತರಿಸದೆ ಒಂದೇ ವಿಡಿಯೋ ತೆಗೆದು ಕಳಿಸುತ್ತೀರಾ?

4. ಜಾಹೀರಾತಿನಲ್ಲಿರುವ ಗೇಮುಗಳಲ್ಲಿ ಡಿಸ್ಕ್ ಎಷ್ಟು, ಡಿಜಿಟಲ್ ಎಷ್ಟು? ಡಿಜಿಟಲ್ ಗೇಮುಗಳು ಯಾರ ಖಾತೆಯಲ್ಲಿ ಕೊಂಡದ್ದು?

5. ದುಡ್ಡು ಕೊಡುವ ಮುಂಚೆ ನಿಮ್ಮೆದುರೇ ನನ್ನ ಖಾತೆಯಿಂದ ಪ್ಲೇಸ್ಟೇಷನ್ ನೆಟ್‌ವರ್ಕಿಗೆ ಸೈನ್ ಇನ್ ಮಾಡಿ ನೋಡಬಹುದಾ?

6. ಯಾವತ್ತಾದರೂ ಬಿಚ್ಚಿಸಿದ್ದೀರಾ? ಫ್ಯಾನ್, ಡಿಸ್ಕ್ ಡ್ರೈವ್, ಹಾರ್ಡ್ ಡಿಸ್ಕ್, ಎಚ್‌ಡಿಎಂಐ ಪೋರ್ಟ್, ಇವುಗಳಲ್ಲಿ ಏನನ್ನಾದರೂ ರಿಪೇರಿ ಮಾಡಿಸಿದ್ದರೆ ಹೇಳಿ. ಅದಕ್ಕೆ ನನ್ನ ತಕರಾರಿಲ್ಲ, ಗೊತ್ತಿದ್ದರೆ ಸಾಕು.

7. ಎಲ್ಲ ಸರಿ ಕಂಡರೆ ನನ್ನೆದುರು ನಿಮ್ಮ ಖಾತೆ ತೆಗೆದು ರೀಸೆಟ್ ಮಾಡಿಕೊಡಬೇಕು. ಹಣ ಅದರ ನಂತರ, ಅಲ್ಲೇ. ಮುಂಗಡ ಕೊಡುವುದಿಲ್ಲ."

"ಕಂಡಿಷನ್ ಹೇಗಿದೆ?" ಎಂಬ ಪ್ರಶ್ನೆ ಇದರಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಅದಕ್ಕೆ ಎಲ್ಲರೂ "ಏಕ್‌ದಂ ಮಸ್ತ್" ಎಂದೇ ಹೇಳುತ್ತಾರೆ. ಬಾಯಿಮಾತಿನಲ್ಲಿ ಮುಗಿಯುವ ಉತ್ತರದ ಬದಲು ಫೋಟೋ, ವಿಡಿಯೋ, ಇಲ್ಲವೇ "ನಿಮ್ಮೆದುರು ಮಾಡುತ್ತೇನೆ" ಎಂಬ ಒಪ್ಪಿಗೆ ಸಿಗುವಂತೆ ಕೇಳಬೇಕು.

ಮೊದಲನೆಯವನು: ಐವತ್ತು ಗೇಮ್ ಫ್ರೀ

ಮೊದಲ ಜಾಹೀರಾತಿನಲ್ಲಿ ಇದ್ದದ್ದು "ಪಿಎಸ್4 ಸ್ಲಿಮ್, 1 ಟಿಬಿ, 50 ಗೇಮ್ ಸಮೇತ, 15,000". ನಮ್ಮ ದೇಶದ ಹಳೆಯ ಕನ್ಸೋಲ್ ಮಾರುಕಟ್ಟೆಯಲ್ಲಿ ಈ "ಗೇಮ್ ಸಮೇತ" ಎನ್ನುವ ಎರಡು ಪದಗಳ ಬಗ್ಗೆಯೇ ಹೆಚ್ಚು ಎಚ್ಚರ ಬೇಕು. ಒಂದೊಂದು ದೊಡ್ಡ ಗೇಮಿಗೆ ಹೊಸದರಲ್ಲಿ ಎರಡು ಮೂರು ಸಾವಿರ ಬೆಲೆ. ಐವತ್ತು ಗೇಮನ್ನು ಯಾರಾದರೂ ಹದಿನೈದು ಸಾವಿರದ ಸಾಮಾನಿನ ಜೊತೆ ಪುಕ್ಕಟೆ ಕೊಡುತ್ತಾರೆಂದರೆ, ಆ ಗೇಮುಗಳು ಅವರದ್ದಲ್ಲ ಎಂದೇ ತಿಳಿಯಬೇಕು. ಹಾಗಾದರೆ ಅವು ಎಲ್ಲಿಂದ ಬಂದವು? ಸಾಮಾನ್ಯವಾಗಿ ಎರಡು ದಾರಿ.

ಒಂದನೆಯದು ಜೈಲ್‌ಬ್ರೇಕ್. ಕನ್ಸೋಲಿನ ಸಾಫ್ಟ್‌ವೇರಿನಲ್ಲಿರುವ ಒಂದು ಬಿರುಕನ್ನು ಬಳಸಿ, ಸೋನಿಯ ಅನುಮತಿ ಇಲ್ಲದ ಪ್ರೋಗ್ರಾಮುಗಳೂ ಓಡುವಂತೆ ಮಾಡುವುದು. ಆಮೇಲೆ ಕದ್ದ ಪ್ರತಿಗಳನ್ನು ಹಾರ್ಡ್ ಡಿಸ್ಕಿಗೆ ತುಂಬುತ್ತಾರೆ. ಬಿರುಕು ಎಲ್ಲ ಆವೃತ್ತಿಗಳಲ್ಲೂ ಇರುವುದಿಲ್ಲ. ಬಳಕೆದಾರರಲ್ಲಿ ಹೆಸರಾದ ಆವೃತ್ತಿಗಳು 5.05, 6.72, 9.00 ಮತ್ತು 11.00. 9.00 ಆವೃತ್ತಿಯ ಬಿರುಕು 2021ರ ಕೊನೆಗೆ ಬಹಿರಂಗವಾಯಿತು, 11.00ದ್ದು 2024ರಲ್ಲಿ. ಹೊಸ ಆವೃತ್ತಿಗೆ ಅಪ್‌ಡೇಟ್ ಮಾಡಿದರೆ ಬಿರುಕು ಮುಚ್ಚಿಹೋಗುತ್ತದೆ, ಮತ್ತೆ ಹಳೆಯ ಆವೃತ್ತಿಗೆ ಇಳಿಯಲು ಬರುವುದಿಲ್ಲ. ಆದ್ದರಿಂದ ಜೈಲ್‌ಬ್ರೇಕ್ ಮಾಡಿದವರು ಕನ್ಸೋಲನ್ನು ಆ ಹಳೆಯ ನಂಬರಿನಲ್ಲೇ ಇಟ್ಟುಕೊಂಡಿರುತ್ತಾರೆ. ಇನ್ನೊಂದು ಕಡೆ, ಪ್ಲೇಸ್ಟೇಷನ್ ನೆಟ್‌ವರ್ಕಿಗೆ ಸೈನ್ ಇನ್ ಆಗಬೇಕೆಂದರೆ ಹೊಸ ಆವೃತ್ತಿಯೇ ಬೇಕು. ಅಂದರೆ ಇಂಥ ಕನ್ಸೋಲ್ ಆನ್‌ಲೈನ್ ಆಟ, ಅಂಗಡಿ, ಗೆಳೆಯರ ಪಟ್ಟಿ ಎಲ್ಲದರಿಂದ ಹೊರಗೆ. ಈಚಿನ ಕೆಲವು ಡಿಸ್ಕುಗಳು ಕೂಡ ಹೊಸ ಆವೃತ್ತಿ ಕೇಳುತ್ತವೆ. ಮಗ ಗೆಳೆಯರ ಜೊತೆ ಫುಟ್‌ಬಾಲ್ ಆಡಬೇಕೆಂದು ಅಪ್‌ಡೇಟ್ ಒತ್ತಿದ ದಿನ ಐವತ್ತು ಗೇಮುಗಳು ಓಡುವುದು ನಿಲ್ಲುತ್ತದೆ.

ಎರಡನೇ ಪ್ರಶ್ನೆ ಇರುವುದು ಇದಕ್ಕೇ. ಮೊದಲನೆಯವನು ಪರದೆಯ ಫೋಟೋ ಕಳಿಸಿದ. ಚೀಟಿ ಇಟ್ಟಿರಲಿಲ್ಲ, ಆದರೆ System Software ಎಂಬಲ್ಲಿ 9.00 ಎಂದು ಸ್ಪಷ್ಟವಾಗಿ ಕಾಣುತ್ತಿತ್ತು. ಈ ನಂಬರು ಕಂಡ ಮಾತ್ರಕ್ಕೆ ಜೈಲ್‌ಬ್ರೇಕ್ ಎಂದು ತೀರ್ಮಾನಿಸುವುದು ಸರಿಯಲ್ಲ. ವರ್ಷಗಟ್ಟಲೆ ಅಟ್ಟದ ಮೇಲೆ ಬಿದ್ದಿದ್ದ ಕನ್ಸೋಲೂ ಹಳೆಯ ಆವೃತ್ತಿಯಲ್ಲೇ ಇರಬಹುದು. ಆ ಎರಡನ್ನು ಬೇರೆ ಮಾಡುವುದು ಮೂರನೇ ಪ್ರಶ್ನೆ.

ಪಿಎಸ್4ರ ಜೈಲ್‌ಬ್ರೇಕಿಗೆ ಒಂದು ದೌರ್ಬಲ್ಯವಿದೆ. ಅದು ಕನ್ಸೋಲ್ ಆಫ್ ಆದ ಕೂಡಲೇ ಅಳಿಸಿಹೋಗುತ್ತದೆ. ಪ್ರತಿ ಸಲ ಪೂರ್ತಿ ಆಫ್ ಮಾಡಿ ಆನ್ ಮಾಡಿದಾಗ ಬ್ರೌಸರಿನಿಂದಲೋ, ಪೆನ್‌ಡ್ರೈವ್ ಚುಚ್ಚಿಯೋ, ಪಕ್ಕದಲ್ಲಿ ಇನ್ನೊಂದು ಪುಟ್ಟ ಸಾಧನ ಜೋಡಿಸಿಯೋ ಮತ್ತೆ ಹಾಕಿಕೊಳ್ಳಬೇಕು. ಅಲ್ಲಿಯವರೆಗೆ ಕದ್ದ ಗೇಮು ತೆರೆಯುವುದಿಲ್ಲ. ಆದ್ದರಿಂದ ವೈರ್ ಕಿತ್ತು ಹಾಕಿದಲ್ಲಿಂದ ಗೇಮ್ ಶುರುವಾಗುವ ತನಕ ಕತ್ತರಿಸದ ವಿಡಿಯೋ ಕೇಳಿದರೆ, ನಡುವೆ ನಡೆಯುವ ಈ ಕಸರತ್ತು ಅಡಗುವುದಿಲ್ಲ. ನನಗೆ ಬಂದ ವಿಡಿಯೋ ಗೇಮ್ ಓಡುತ್ತಿರುವಲ್ಲಿಂದಲೇ ಶುರುವಾಗಿತ್ತು. "ಆಫ್ ಮಾಡಿದಲ್ಲಿಂದ ಬೇಕಿತ್ತು" ಎಂದು ಬರೆದೆ. "ದಾದಾ, ಇಷ್ಟೆಲ್ಲ ಯಾಕೆ, ಬಂದು ನೋಡಿ" ಎಂದ. "ಬರುತ್ತೇನೆ, ನನ್ನೆದುರು ಅಪ್‌ಡೇಟ್ ಮಾಡುತ್ತೀರಾ?" ಎಂದು ಕೇಳಿದೆ. ಆ ಮೇಲೆ ಉತ್ತರ ಬರಲಿಲ್ಲ.

ಜೈಲ್‌ಬ್ರೇಕ್ ಆದ ಕನ್ಸೋಲನ್ನು ಗೊತ್ತಿದ್ದೇ ಕೊಳ್ಳುವವರಿದ್ದಾರೆ, ಅದು ಅವರ ಲೆಕ್ಕ. ಆದರೆ ಅದನ್ನು ಸಾಧಾರಣ ಕನ್ಸೋಲಿನ ಬೆಲೆಗೆ, ವಿಷಯ ತಿಳಿಸದೆ ಮಾರುವುದು ಬೇರೆ. ಇನ್ನೂ ಒಂದು ಭಯವಿದೆ. ಇಂಥ ಕನ್ಸೋಲಿನಿಂದ ಯಾರಾದರೂ ನೆಟ್‌ವರ್ಕಿಗೆ ನುಗ್ಗಿ ಸಿಕ್ಕಿಬಿದ್ದಿದ್ದರೆ ಸೋನಿ ಖಾತೆಯನ್ನಷ್ಟೇ ಅಲ್ಲ, ಆ ಯಂತ್ರವನ್ನೇ ಬಹಿಷ್ಕರಿಸಬಹುದು. ಯಂತ್ರಕ್ಕೆ ಬಿದ್ದ ಬಹಿಷ್ಕಾರ ರೀಸೆಟ್ ಮಾಡಿದರೆ ಹೋಗುವುದಿಲ್ಲ, ಹೊಸ ಖಾತೆ ಹಾಕಿದರೂ ಹೋಗುವುದಿಲ್ಲ. ಹೊರಗಿನಿಂದ ನೋಡಿದರೆ ಅದರ ಗುರುತೇ ಇಲ್ಲ. ಬೇರೆ ಯಾವ ತಕರಾರೂ ಇಲ್ಲದ ನಮ್ಮ ಸ್ವಂತ ಖಾತೆಯಿಂದ ಆ ಯಂತ್ರದಲ್ಲಿ ಸೈನ್ ಇನ್ ಆಗುತ್ತದೆಯೇ ಎಂದು ನೋಡುವುದೊಂದೇ ಪರೀಕ್ಷೆ. ಐದನೇ ಪ್ರಶ್ನೆ ಅದು.

ಎರಡನೆಯವನು: ಖಾತೆಯನ್ನೂ ಕೊಡುತ್ತೇನೆ

ಎರಡನೆಯವನು ಹೌರಾದ ಒಬ್ಬ ಕಾಲೇಜು ಹುಡುಗ. ಕೇಳಿದ್ದು 16,500. ಅದೂ ಸ್ಲಿಮ್ 1 ಟಿಬಿ, ಎರಡು ಕಂಟ್ರೋಲರ್, ಮೂರು ಡಿಸ್ಕ್, ಹನ್ನೊಂದು ಡಿಜಿಟಲ್ ಗೇಮ್. ಎರಡು ಗಂಟೆಯೊಳಗೆ ಎಲ್ಲಕ್ಕೂ ಉತ್ತರ ಬಂತು. ಸ್ಟಿಕ್ಕರಿನಲ್ಲಿ ಮಾಡೆಲ್ CUH-2 ಎಂದು ಆರಂಭವಾಗಿತ್ತು, ಅಂದರೆ ಸ್ಲಿಮ್ ಹೌದು. CUH-1 ಎಂದಿದ್ದರೆ 2013ರಲ್ಲಿ ಬಂದ ಮೊದಲಿನ ದಪ್ಪ ಮಾದರಿ, CUH-7 ಎಂದಿದ್ದರೆ ಪ್ರೊ. ಪೆಟ್ಟಿಗೆಯ ಮೇಲಿನ ಸೀರಿಯಲ್ ಹಿಂಬದಿಯ ಸೀರಿಯಲ್‌ಗೆ ಹೊಂದುತ್ತಿತ್ತು. ಪರದೆಯ ಫೋಟೋದಲ್ಲಿ ಚೀಟಿ ಇತ್ತು, ಆವೃತ್ತಿ ಹೊಸದು. ವಿಡಿಯೋ ವೈರ್ ಕೀಳುವಲ್ಲಿಂದಲೇ ಇತ್ತು, ಹಿನ್ನೆಲೆಯಲ್ಲಿ ಅವನ ಅಮ್ಮ ಯಾರನ್ನೋ ಊಟಕ್ಕೆ ಕರೆಯುತ್ತಿದ್ದದ್ದೂ ಕೇಳುತ್ತಿತ್ತು.

ಆದರೆ ನಾಲ್ಕನೇ ಪ್ರಶ್ನೆಗೆ ಅವನು ಕೊಟ್ಟ ಉತ್ತರ ಹೀಗಿತ್ತು: "ಹನ್ನೊಂದೂ ನನ್ನ ಖಾತೆಯಲ್ಲಿ ನಾನೇ ಕೊಂಡದ್ದು. ಬೇಕಾದರೆ ಐಡಿ, ಪಾಸ್‌ವರ್ಡ್ ಎರಡನ್ನೂ ನಿಮಗೇ ಕೊಡುತ್ತೇನೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಬೇಡವೆಂದೆ. ಯಾಕೆಂದು ವಿವರಿಸುತ್ತೇನೆ, ಗೇಮುಗಳು ಬರುವ ಎರಡನೆಯ ದಾರಿಯೂ ಇದೇ.

ಡಿಜಿಟಲ್ ಗೇಮು ಕನ್ಸೋಲಿಗೆ ಸೇರಿದ್ದಲ್ಲ, ಕೊಂಡ ಖಾತೆಗೆ ಸೇರಿದ್ದು. ಒಂದು ಖಾತೆಗೆ ಒಂದು ಪಿಎಸ್4ನ್ನು "ಪ್ರೈಮರಿ" ಎಂದು ಗುರುತಿಸಿಕೊಳ್ಳಲು ಅವಕಾಶವಿದೆ. ಹಾಗೆ ಗುರುತಿಸಿದ ಯಂತ್ರದಲ್ಲಿ ಆ ಖಾತೆಯ ಗೇಮುಗಳನ್ನು ಮನೆಯ ಇತರರೂ ತಮ್ಮ ಖಾತೆಯಿಂದ ಆಡಬಹುದು. ಮನೆಮಂದಿಗಾಗಿ ಇಟ್ಟ ಈ ಸೌಕರ್ಯವನ್ನೇ ವ್ಯಾಪಾರ ಮಾಡಿಕೊಂಡವರಿದ್ದಾರೆ. ಒಂದು ಖಾತೆಯಲ್ಲಿ ಗೇಮ್ ಕೊಂಡು, ಅದನ್ನು ಹಲವರಿಗೆ ಪಾಲು ಹಾಕಿ ಮಾರುತ್ತಾರೆ. ಅಂಥ ಖಾತೆ ಇರುವ ಕನ್ಸೋಲು ಕೊಂಡ ದಿನ ಎಲ್ಲ ಗೇಮುಗಳೂ ತೆರೆಯುತ್ತವೆ. ಮುಂದೊಂದು ದಿನ ಮೂಲದವನು ತನ್ನ ಖಾತೆಗೆ ಹೋಗಿ ಪ್ರೈಮರಿ ಗುರುತನ್ನು ತೆಗೆದರೆ, ಆ ಮೇಲೆ ಕನ್ಸೋಲ್ ಇಂಟರ್ನೆಟ್ಟಿಗೆ ಸೇರಿ ಪರವಾನಗಿ ಪರಿಶೀಲಿಸಿದಾಗ ಗೇಮಿನ ಚಿತ್ರದ ಪಕ್ಕ ಒಂದು ಪುಟ್ಟ ಬೀಗ ಬಂದು ಕೂರುತ್ತದೆ. ಗೇಮು ಡಿಸ್ಕಿನಲ್ಲಿ ಇದ್ದೇ ಇರುತ್ತದೆ, ತೆರೆಯುವ ಹಕ್ಕು ಮಾತ್ರ ಇರುವುದಿಲ್ಲ.

ಪಾಸ್‌ವರ್ಡ್ ಸಮೇತ ಖಾತೆಯನ್ನೇ ಕೊಟ್ಟರೆ? ಪಾಸ್‌ವರ್ಡ್ ಬದಲಿಸಬಹುದು, ಇಮೇಲ್ ಕೂಡ ಬದಲಿಸಬಹುದು. ಆದರೆ ಸೋನಿಯ ನಿಯಮದ ಪ್ರಕಾರ ಖಾತೆಯನ್ನು ಮಾರುವಂತಿಲ್ಲ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ನಾಳೆ ಆ ಖಾತೆಯ ಮೇಲೆ ತಗಾದೆ ಬಂದರೆ ಕೊಂಡ ರಸೀದಿಗಳು, ಕಾರ್ಡಿನ ವಿವರ, ಹುಟ್ಟಿದ ತಾರೀಖು ಎಲ್ಲ ಅವನ ಹೆಸರಿನಲ್ಲಿರುತ್ತವೆ. ಆ ಹುಡುಗ ಪ್ರಾಮಾಣಿಕನೇ ಇರಬಹುದು. ಆದರೆ ಅವನೂ ಮುಂದೆ ಪಿಎಸ್5 ಕೊಂಡಾಗ ತನ್ನ ಹಳೆಯ ಗೇಮುಗಳು ಬೇಕೆನಿಸುತ್ತವೆ, ಅವು ಅಲ್ಲೂ ಓಡುತ್ತವೆ. ಅವನ ಹಿತಕ್ಕೂ ಖಾತೆ ಅವನಲ್ಲೇ ಇರುವುದು ಒಳ್ಳೆಯದು. ಹಾಗೆಂದು ಬರೆದೆ. ಸ್ವಲ್ಪ ಹೊತ್ತು ಬಿಟ್ಟು "ಅದೂ ಸರಿ ದಾದಾ" ಎಂದು ಬಂತು.

ಇದರಿಂದ ಬೆಲೆಯ ಲೆಕ್ಕ ಸುಲಭವಾಯಿತು. ಹನ್ನೊಂದು ಡಿಜಿಟಲ್ ಗೇಮಿಗೆ ಬೆಲೆ ಸೊನ್ನೆ. ಮೂರು ಡಿಸ್ಕಿಗೆ ಬೆಲೆ ಇದೆ, ಏಕೆಂದರೆ ಡಿಸ್ಕು ಯಾರ ಕೈಯಲ್ಲಿದೆಯೋ ಅವರದ್ದು, ಮುಂದೆ ನಾವೂ ಮಾರಬಹುದು. ಆರನೇ ಪ್ರಶ್ನೆಗೆ ಅವನು, ಒಂದು ಕಂಟ್ರೋಲರಿನ ಎಡಗಡ್ಡಿ ತಾನಾಗಿ ಜಾರುತ್ತದೆ, ಒಮ್ಮೆ ಧೂಳು ತೆಗೆಸಲು ಬಿಚ್ಚಿಸಿದ್ದೇನೆ ಎಂದು ತಾನೇ ಹೇಳಿದ್ದ. ಎರಡನೇ ಕಂಟ್ರೋಲರಿಗೂ ಬೆಲೆ ಹಾಕಲಿಲ್ಲ. ಪರೀಕ್ಷೆ ಸರಿಹೋದರೆ 13,000 ಎಂದು ಒಪ್ಪಿಕೊಂಡೆವು.

ಚಾಂದ್ನಿ ಚೌಕಿನ ಒಂದು ಕೌಂಟರ್

ಫೋನನ್ನಾದರೆ ರಸ್ತೆಯಲ್ಲಿ ನಿಂತು ನೋಡಬಹುದು. ಕನ್ಸೋಲಿಗೆ ಕರೆಂಟು ಬೇಕು, ಟಿವಿ ಬೇಕು, ಇಂಟರ್ನೆಟ್ ಬೇಕು. ಅಪರಿಚಿತರ ಮನೆಗೆ ಹೋಗಲು ನನಗೆ ಮನಸ್ಸಿಲ್ಲ, ಅವನಿಗೂ ಕರೆಯಲು ಮನಸ್ಸಿಲ್ಲ. ಬಿಬಿಡಿ ಬಾಗ್‌ನಿಂದ ಕಾಲು ಗಂಟೆ ನಡೆದರೆ ಚಾಂದ್ನಿ ಚೌಕ್, ಕೊಲ್ಕತ್ತದ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆ. ಅಲ್ಲಿನ ಒಂದು ರಿಪೇರಿ ಅಂಗಡಿಯವರನ್ನು ಮೊದಲೇ ಕೇಳಿಕೊಂಡೆ. ಒಂದು ಗಂಟೆ ಕೌಂಟರಿನ ಟಿವಿ, ಪ್ಲಗ್ ಕೊಡಲು ಮುನ್ನೂರು ರೂಪಾಯಿ. ಸಂಶಯ ಬಂದರೆ ಕೇಳಲು ಅವರೇ ಎದುರಿಗೆ ಇರುತ್ತಾರೆ. ಬ್ಯಾಂಕಿಗೆ ರಜೆ ಇದ್ದ ಎರಡನೇ ಶನಿವಾರ, ಹಗಲು ಹೊತ್ತು. ಹುಡುಗ ಹೌರಾದಿಂದ ಮೆಟ್ರೋ ಹಿಡಿದು ನದಿಯಡಿಯ ಸುರಂಗದಲ್ಲಿ ಬಂದು ಮಹಾಕರಣ್ ನಿಲ್ದಾಣದಲ್ಲಿ ಇಳಿದ. ಅಲ್ಲಿಂದ ಒಟ್ಟಿಗೆ ನಡೆದೆವು.

ಪರೀಕ್ಷೆಗೆ ಒಂದು ಕ್ರಮವಿದೆ. ರೀಸೆಟ್ ಕೊನೆಯಲ್ಲಿ ಬರಬೇಕು. ಮೊದಲೇ ರೀಸೆಟ್ ಮಾಡಿಸಿ, ಆಮೇಲೆ ಸೈನ್ ಇನ್ ಆಗಲಿಲ್ಲವೆಂದು ನಾವು ಕೈಬಿಟ್ಟರೆ, ಮಾರಲು ಬಂದವನು ತನ್ನ ಆಟದ ದಾಖಲೆಗಳನ್ನೆಲ್ಲ ಸುಮ್ಮನೆ ಕಳೆದುಕೊಂಡಂತಾಗುತ್ತದೆ. ಹಾಗಾಗಿ ನಾವು ಮಾಡಿದ್ದು ಹೀಗೆ.

ಮೊದಲು ಮುಚ್ಚಿದ್ದ ನಾಲ್ಕು ಅಂಕಿಗಳನ್ನು ಪೆಟ್ಟಿಗೆಯ ಜೊತೆ, ಬಿಲ್ಲಿನ ಜೊತೆ ತಾಳೆ ನೋಡಿದೆ. ಐಫೋನಿನಲ್ಲಿ ಇರುವಂತೆ ಪಿಎಸ್4ರಲ್ಲಿ ಕಳುವಾದರೆ ಬೀಗ ಬೀಳುವ ವ್ಯವಸ್ಥೆ ಇಲ್ಲ. ಕದ್ದವನು ರೀಸೆಟ್ ಮಾಡಿ ಮಾರಬಹುದು. ಬಿಲ್ಲು, ಪೆಟ್ಟಿಗೆ, ಯಂತ್ರ ಮೂರರಲ್ಲೂ ಒಂದೇ ಸೀರಿಯಲ್ ಇದ್ದರೆ ನಮಗಿರುವ ದೊಡ್ಡ ಆಧಾರ ಅದೇ. ಕದ್ದ ಮಾಲೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ.

ಆಮೇಲೆ ಆನ್ ಮಾಡಿ, ಫೋನಿನ ಹಾಟ್‌ಸ್ಪಾಟಿಗೆ ಜೋಡಿಸಿ, New User ಎಂದು ತೆಗೆದು, ಮನೆಯಲ್ಲೇ ಮೊದಲು ಮಾಡಿಟ್ಟುಕೊಂಡಿದ್ದ ನನ್ನ ಖಾತೆಯಿಂದ ಸೈನ್ ಇನ್ ಮಾಡಿದೆ. ವೈಫೈ ಜೋಡಣೆಯಾದರೆ ಸಾಕೆಂದು ಬಿಡಬಾರದು, ಬಹಿಷ್ಕಾರ ಇದ್ದರೂ ವೈಫೈ ಜೋಡಣೆಯಾಗುತ್ತದೆ. PlayStation Store ತೆರೆದು ಒಳಗೆ ಓಡಾಡಿ ನೋಡಬೇಕು. ತೆರೆಯಿತು.

Settings > Storage ನೋಡಿದೆ. 1 ಟಿಬಿ ಡಿಸ್ಕು ಅಲ್ಲಿ ಸುಮಾರು 860 ಜಿಬಿ ಎಂದು ಕಾಣುತ್ತದೆ, 500 ಜಿಬಿಯದು 400 ಚಿಲ್ಲರೆ. ಪಿಎಸ್4ರ ಹಾರ್ಡ್ ಡಿಸ್ಕನ್ನು ಯಾರು ಬೇಕಾದರೂ ಬದಲಿಸಬಹುದು. ಆದ್ದರಿಂದ ಪೆಟ್ಟಿಗೆಯ ಮೇಲೆ 1 ಟಿಬಿ ಎಂದಿದ್ದರೂ ಒಳಗೆ ಅಷ್ಟೇ ಇರಬೇಕೆಂದಿಲ್ಲ.

ನಂತರ ಡಿಸ್ಕ್ ಹಾಕಿ ಅರ್ಧ ಗಂಟೆ ಆಡಿದೆವು. ಈ ಅರ್ಧ ಗಂಟೆಗೆ ಎರಡು ಕಾರಣ. ಒಂದು ಡಿಸ್ಕ್ ಡ್ರೈವ್. ಪಿಎಸ್4ರ ಡ್ರೈವಿನ ಸರ್ಕ್ಯೂಟು ಮದರ್‌ಬೋರ್ಡಿಗೆ ಜೋಡಿ ಹಾಕಿದಂತಿರುತ್ತದೆ, ಬೇರೆ ಕನ್ಸೋಲಿನ ಡ್ರೈವ್ ತಂದು ಹಾಗೆಯೇ ಹಾಕಿದರೆ ಗೇಮ್ ಓದುವುದಿಲ್ಲ. ಆದ್ದರಿಂದ ಕೆಟ್ಟ ಡ್ರೈವ್ ಎಂದರೆ ಸಣ್ಣ ಖರ್ಚಿನ ಮಾತಲ್ಲ. ಡಿಸ್ಕು ಒಳಗೆಳೆದುಕೊಳ್ಳಬೇಕು, ಓದಬೇಕು, ಹೊರಗೂ ತಳ್ಳಬೇಕು. ಇನ್ನೊಂದು ಶಾಖ. ಆನ್ ಮಾಡಿದ ಐದು ನಿಮಿಷ ಎಲ್ಲ ಕನ್ಸೋಲೂ ತಣ್ಣಗೇ ಇರುತ್ತದೆ. ಒಳಗೆ ಧೂಳು ಕಟ್ಟಿದ್ದರೆ, ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿದ್ದರೆ, ಇಪ್ಪತ್ತು ನಿಮಿಷ ಭಾರದ ಗೇಮ್ ಓಡಿದ ಮೇಲೆ ಫ್ಯಾನು ಮಿಕ್ಸಿಯಂತೆ ಅರಚುತ್ತದೆ, ಇಲ್ಲವೇ ಬಿಸಿಯಾಯಿತೆಂಬ ಸೂಚನೆ ಬಂದು ಆಫ್ ಆಗುತ್ತದೆ. ನಮ್ಮದರಲ್ಲಿ ಫ್ಯಾನಿನ ಸದ್ದು ಸ್ವಲ್ಪ ಏರಿ ಅಲ್ಲೇ ನಿಂತಿತು. ಅಂಗಡಿಯವರು ಕಿವಿಗೊಟ್ಟು ಕೇಳಿ, "ಠೀಕ್ ಆಛೆ" ಎಂದರು. ಅಷ್ಟರಲ್ಲಿ ಎಚ್‌ಡಿಎಂಐ ತಂತಿಯನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿದೆ, ಚಿತ್ರ ಮಿನುಗಲಿಲ್ಲ. ಮಿನುಗಿದರೆ ಪೋರ್ಟ್ ಸಡಿಲವೆಂದು ಅರ್ಥ. ಕಂಟ್ರೋಲರನ್ನು ಮುಟ್ಟದೆ ಕೌಂಟರಿನ ಮೇಲೆ ಇಟ್ಟು ನೋಡಿದೆ. ಸರಿಯಿದ್ದದ್ದರಲ್ಲಿ ಪರದೆ ಅಲುಗಲಿಲ್ಲ. ಕೆಟ್ಟದ್ದರಲ್ಲಿ ಅವನು ಹೇಳಿದಂತೆಯೇ ಆಯ್ಕೆ ತಾನಾಗಿ ಎಡಕ್ಕೆ ಸರಿಯಿತು.

ಕೊನೆಗೆ ಅವನ ಸರದಿ. ತನ್ನ ಆಟದ ದಾಖಲೆಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡ. Settings > Account Management > Activate as Your Primary PS4 ಎಂಬಲ್ಲಿ ಹೋಗಿ Deactivate ಒತ್ತಿದ. ಇದು ನನಗಿಂತ ಅವನಿಗೇ ಅಗತ್ಯ. ಇದನ್ನು ಮರೆತು ಕನ್ಸೋಲ್ ಕೊಟ್ಟುಬಿಟ್ಟರೆ ಅವನ ಖಾತೆ ಕೈಬಿಟ್ಟ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಅದನ್ನು ಜಾಲತಾಣದಿಂದ ತೆಗೆಯಲು ಆರು ತಿಂಗಳಿಗೆ ಒಮ್ಮೆ ಮಾತ್ರ ಅವಕಾಶ. ಆಮೇಲೆ Initialization ಒಳಗೆ Initialize PS4 ಒತ್ತಿ Quick ಆರಿಸಿದೆವು. Full ಎಂದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಯಂತ್ರ ಹೊಸದರಂತೆ ಭಾಷೆ ಕೇಳುತ್ತಾ ಎದ್ದಿತು. ಮತ್ತೊಮ್ಮೆ ನನ್ನ ಖಾತೆಯಿಂದ ಸೈನ್ ಇನ್ ಆಗಿ ನೋಡಿ, ಅಲ್ಲೇ ಯುಪಿಐನಲ್ಲಿ 13,000 ಕಳಿಸಿದೆ. ಸೀರಿಯಲ್ ನಂಬರ್, ತಾರೀಖು, ಮೊತ್ತ ಬರೆದ ಒಂದು ಕಾಗದಕ್ಕೆ ಇಬ್ಬರೂ ಸಹಿ ಹಾಕಿದೆವು. ನಂತರ ಅವನೇ ಚಹಾ ಕುಡಿಸಿದ.

ಮುಂಗಡದ ಮಾತು

ಏಳನೇ ಪ್ರಶ್ನೆಯ ಕೊನೆಯ ಸಾಲು, "ಮುಂಗಡ ಕೊಡುವುದಿಲ್ಲ" ಎಂಬುದು, ಕನ್ಸೋಲಿಗೆ ಸಂಬಂಧಿಸಿದ್ದಲ್ಲವೆನಿಸಬಹುದು. ಆದರೆ ಕನ್ಸೋಲೇ ಇಲ್ಲದ ಜಾಹೀರಾತುಗಳನ್ನು ಸೋಸುವುದು ಆ ಸಾಲು. "ಇನ್ನೂ ಮೂರು ಜನ ಕೇಳ್ತಿದ್ದಾರೆ, ಎರಡು ಸಾವಿರ ಹಾಕಿ ಹಿಡಿದಿಡ್ತೀನಿ", "ನಾನು ಸೇನೆಯಲ್ಲಿದ್ದೇನೆ, ವರ್ಗಾವಣೆ ಆಗಿದೆ, ಕೊರಿಯರ್ ಮಾಡ್ತೀನಿ" ಎಂಬ ಮಾತುಗಳು ದೇಶದ ಎಲ್ಲ ಕಡೆ ಒಂದೇ ಥರ ಕೇಳಿಬರುತ್ತವೆ. ಎರಡನೇ ಪ್ರಶ್ನೆಯ ಚೀಟಿಗೂ ಇದೇ ಉದ್ದೇಶ. ಬೇರೆಯವರ ಫೋಟೋ ಎತ್ತಿ ಹಾಕಿದವನು ಇವತ್ತಿನ ತಾರೀಖಿನ ಚೀಟಿ ಇಟ್ಟ ಫೋಟೋ ತರಲು ಪರದಾಡುತ್ತಾನೆ. ಮಾರುವವರಿಗೂ ಒಂದು ಮಾತು: ದುಡ್ಡು ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. ಹಾಗೆ ಯಾರಾದರೂ ಹೇಳಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಕ್ಕೆ ಸಾಗುವ ಮುನ್ನ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕೊಲ್ಕತ್ತದಲ್ಲಿರುವವರಿಗೆ ಪೊಲೀಸ್ ಕೇಂದ್ರ ಕಚೇರಿ ಲಾಲ್‌ಬಜಾರ್ ಬಿಬಿಡಿ ಬಾಗ್‌ನ ಪಕ್ಕದಲ್ಲೇ ಇದೆ.

ಈ ಮೆಸೇಜು ಎಲ್ಲವನ್ನೂ ಹಿಡಿಯುವುದಿಲ್ಲ. ಹಾರ್ಡ್ ಡಿಸ್ಕಿಗೆ ಇನ್ನೆಷ್ಟು ಆಯಸ್ಸಿದೆ ಎಂದು ಪಿಎಸ್4 ತೋರಿಸುವುದಿಲ್ಲ, ಅದು ಆರು ತಿಂಗಳಿಗೆ ಕೈಕೊಡಬಹುದು. ಅರ್ಧ ಗಂಟೆಯಲ್ಲಿ ಬಿಸಿಯಾಗದ್ದು ಕೊಲ್ಕತ್ತದ ಮೇ ತಿಂಗಳ ಸೆಕೆಯಲ್ಲಿ ಬಿಸಿಯಾಗಬಹುದು. ಅಮ್ಮ ಕಳಿಸಿದ್ದರಲ್ಲಿ ಅಂಗಡಿಯವರಿಗೆ ಕೊಟ್ಟು ಉಳಿದ ಏಳುನೂರನ್ನು ಅದಕ್ಕೆಂದೇ ತೆಗೆದಿಟ್ಟಿದ್ದೇವೆ, ಒಮ್ಮೆ ಪೇಸ್ಟ್ ಬದಲಿಸಿ ಧೂಳು ತೆಗೆಸಲು. ಎಕ್ಸ್‌ಬಾಕ್ಸ್ ಅಥವಾ ನಿಂಟೆಂಡೊ ಸ್ವಿಚ್ ಕೊಳ್ಳುವವರು ಮೆನುವಿನ ಹೆಸರುಗಳನ್ನು ಬದಲಿಸಿಕೊಳ್ಳಬೇಕು. ಆದರೆ ನಾಲ್ಕನೆಯ ಮತ್ತು ಐದನೆಯ ಪ್ರಶ್ನೆಗಳು ಅಲ್ಲಿಗೂ ಹಾಗೆಯೇ ಹೊಂದುತ್ತವೆ. ಸ್ವಿಚ್‌ನಲ್ಲೂ ಬಹಿಷ್ಕಾರ ಯಂತ್ರಕ್ಕೇ ಬೀಳುತ್ತದೆ. ಅಂಥ ಯಂತ್ರದಲ್ಲಿ ಅಂಗಡಿ ತೆರೆಯಲು ಹೋದರೆ 2124-4007 ಎಂಬ ಸಂಖ್ಯೆ ಬರುತ್ತದೆ.

ಮೆಸೇಜನ್ನು ಹಾಗೆಯೇ ನಕಲು ಮಾಡಿಕೊಳ್ಳಿ, ನಿಮ್ಮೂರಿನ ಭಾಷೆಗೆ ತಿರುಗಿಸಿಕೊಳ್ಳಿ. ಉದ್ದವಾಯಿತೆಂದು ಸಂಕೋಚ ಬೇಡ. ಆ ಹುಡುಗ ಚಹಾ ಕುಡಿಯುತ್ತಾ ಹೇಳಿದ: ಜಾಹೀರಾತು ಹಾಕಿದ ಮೇಲೆ ನಲವತ್ತು ಜನ "ಲಾಸ್ಟ್ ಪ್ರೈಸ್ ಎಷ್ಟು" ಎಂದಷ್ಟೇ ಕೇಳಿ ಮಾಯವಾಗಿದ್ದರಂತೆ. ಏಳು ಪ್ರಶ್ನೆ ಕೇಳಿದವನು ಖಂಡಿತ ಕೊಳ್ಳಲು ಬರುತ್ತಾನೆ ಎಂದು ಅವನಿಗೆ ಅನಿಸಿತ್ತಂತೆ.